ಗೇಮ್ ಬಾಕ್ಸ್ ಮೇಲಿನ ವಯಸ್ಸಿನ ಗುರುತು: ಮುಂಭಾಗ ನೋಡಿ ಕೊಳ್ಳಬೇಡಿ, ತಿರುಗಿಸಿ ಓದಿ

ದಾವಣಗೆರೆಯಲ್ಲಿ ಸೆಕೆಂಡ್ ಹ್ಯಾಂಡ್ ಗೇಮ್ ಡಿಸ್ಕ್ ಇಟ್ಟಿರುವ ಅಂಗಡಿಗೆ ಹೋಗಿ ನಿಂತರೆ ಒಂದೇ ಕಪಾಟಿನಲ್ಲಿ ಬೇರೆ ಬೇರೆ ದೇಶದ ಬಾಕ್ಸ್‌ಗಳು ಕಾಣುತ್ತವೆ. ಒಂದರ ಮೂಲೆಯಲ್ಲಿ ಬಣ್ಣದ ಚೌಕ, ಅದರೊಳಗೆ 16. ಪಕ್ಕದ ಬಾಕ್ಸ್ ಯಾರೋ ಅಮೆರಿಕದಿಂದ ತಂದು ಆಡಿ ಮಾರಿದ್ದು, ಅದರ ಮೂಲೆಯಲ್ಲಿ ಕಪ್ಪು ಬಿಳುಪಿನಲ್ಲಿ ಓರೆಯಾಗಿ ನಿಂತ ‘ಟಿ’ ಅಕ್ಷರ. ಎರಡೂ ಒಂದೇ ಆಟ. ಯಾವುದನ್ನು ನಂಬೋದು?

ಇವುಗಳಲ್ಲಿ ಯಾವುದೂ ನಮ್ಮ ದೇಶದ ಗುರುತಲ್ಲ. ನಮ್ಮಲ್ಲಿ ಸಿನಿಮಾಗೆ ಸೆನ್ಸಾರ್ ಮಂಡಳಿ ಇದೆ, ಯು, ಯುಎ, ಎ ಅಂತ ಕೊಡುತ್ತದೆ. ಆದರೆ ಆ ಮಂಡಳಿ ಗೇಮ್ ನೋಡುವುದಿಲ್ಲ. ಹಾಗಾಗಿ ಇಲ್ಲಿನ ಅಂಗಡಿಯವರು 18 ಅಂತ ಕೆಂಪು ಚೌಕ ಇರುವ ಬಾಕ್ಸನ್ನು ಆರನೇ ಕ್ಲಾಸಿನ ಹುಡುಗನಿಗೆ ಕೊಟ್ಟರೂ ಕೇಳುವವರಿಲ್ಲ. ಬ್ರಿಟನ್‌ನಲ್ಲಿ ಹಾಗೆ ಮಾಡಿದರೆ ಕಾನೂನಿನ ಪ್ರಕಾರ ತಪ್ಪು. ಅಂದರೆ ಇಲ್ಲಿ ಓದಬೇಕಾದವರು ನಾವೇ. ಓದೋದು ಕಷ್ಟ ಏನಲ್ಲ, ಆದರೆ ಬಹಳ ಜನ ಅಂಕಿ ನೋಡಿ ಅಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಮಾಹಿತಿ ಇರೋದು ಬಾಕ್ಸ್‌ನ ಹಿಂಭಾಗದಲ್ಲಿ.

ಮೊದಲು: ಇದು ಯಾರ ಗುರುತು ಅಂತ ನೋಡಿ

ಬಣ್ಣದ ಚೌಕದಲ್ಲಿ ಅಂಕಿ ಇದ್ದು ಕೆಳಗೆ ವೆಬ್‌ಸೈಟ್ ಹೆಸರು ಇದ್ದರೆ ಅದು ಪೆಗಿ. ಯುರೋಪಿನದ್ದು, 2003ರಲ್ಲಿ ಶುರುವಾಯಿತು. ಅದರಲ್ಲಿ ಐದೇ ಮೆಟ್ಟಿಲು: 3, 7, 12, 16, 18. ಮೊದಲೆರಡು ಹಸಿರು, ನಡುವಿನೆರಡು ಕಿತ್ತಳೆ, ಕೊನೆಯದು ಕೆಂಪು. ದೂರದಿಂದಲೇ ಬಣ್ಣ ನೋಡಿ ಅರ್ಧ ತೀರ್ಮಾನ ಮಾಡಬಹುದು.

ಕಪ್ಪು ಬಿಳುಪಿನಲ್ಲಿ ಅಕ್ಷರ ಇದ್ದರೆ ಅದು ಇಎಸ್ಆರ್‌ಬಿ. ಅಮೆರಿಕ, ಕೆನಡಾದವರದ್ದು, 1994ರಿಂದ ಇದೆ. ‘ಇ’ ಅಂದರೆ ಎಲ್ಲರಿಗೂ, ‘ಇ10+’ ಅಂದರೆ ಹತ್ತು ದಾಟಿದವರಿಗೆ, ‘ಟಿ’ ಅಂದರೆ 13 ದಾಟಿದವರಿಗೆ, ‘ಎಂ’ ಅಂದರೆ 17 ದಾಟಿದವರಿಗೆ. ಅದರ ಮೇಲೆ ‘ಎಒ’ ಅಂತ ಒಂದಿದೆ, ಪೂರ್ತಿ ದೊಡ್ಡವರಿಗೆ, ಅದು ಅಂಗಡಿಯಲ್ಲಿ ಕಾಣೋದು ತೀರಾ ಅಪರೂಪ. ಆಸ್ಟ್ರೇಲಿಯಾದ ಬಾಕ್ಸ್ ಕೈಗೆ ಸಿಕ್ಕರೆ ಮಾತ್ರ ಎಚ್ಚರ. ಅಲ್ಲೂ ‘ಎಂ’ ಇದೆ, ಆದರೆ ಅದು 15 ದಾಟಿದವರಿಗೆ ಅನ್ನುವ ಬರೀ ಸಲಹೆ. ಅಕ್ಷರ ಒಂದೇ, ಲೆಕ್ಕ ಬೇರೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಗೊಂದಲ ತುಂಬಾ ಜನರಿಗಿದೆ. ಈ ವಯಸ್ಸು ‘ಈ ವಯಸ್ಸಿನವರಿಗೆ ಆಡೋಕೆ ಬರುತ್ತೆ’ ಅಂತ ಹೇಳುತ್ತಿಲ್ಲ. ಒಳಗಿರುವ ವಿಷಯ ಈ ವಯಸ್ಸಿನವರು ನೋಡಬಹುದಾದದ್ದು ಅಂತಷ್ಟೇ ಅದರ ಅರ್ಥ. ಚೆಸ್ ಗೇಮ್‌ಗೆ 3 ಬರಬಹುದು. ಮೂರು ವರ್ಷದ ಮಗು ಚೆಸ್ ಆಡುತ್ತಾ? ಆಟ ಕಷ್ಟವೋ ಸುಲಭವೋ ಅನ್ನೋದು ಈ ಲೆಕ್ಕಕ್ಕೆ ಬರೋದೇ ಇಲ್ಲ.

ಆಮೇಲೆ: ಬಾಕ್ಸ್ ತಿರುಗಿಸಿ

ಪೆಗಿ ಬಾಕ್ಸ್‌ನ ಹಿಂಭಾಗದಲ್ಲಿ ಅಂಕಿಯ ಪಕ್ಕ ಚಿಕ್ಕ ಚಿಕ್ಕ ಚೌಕಗಳಲ್ಲಿ ಚಿತ್ರ ಇರುತ್ತವೆ. ಮುಷ್ಟಿ ಇದ್ದರೆ ಹೊಡೆದಾಟ. ಮಾತಿನ ಗುಳ್ಳೆಯೊಳಗೆ ಏನೇನೋ ಚಿಹ್ನೆ ಇದ್ದರೆ ಕೆಟ್ಟ ಮಾತು. ಸಿರಿಂಜ್ ಇದ್ದರೆ ಡ್ರಗ್ಸ್, ಆದರೆ ಸಿಗರೇಟು, ಹೆಂಡವೂ ಇದೇ ಚಿತ್ರದಡಿ ಬರುತ್ತವೆ. ದಾಳ ಇದ್ದರೆ ಜೂಜು. ಗಂಡು ಹೆಣ್ಣಿನ ಚಿಹ್ನೆ ಜೋಡಿಯಾಗಿದ್ದರೆ ಲೈಂಗಿಕ ವಿಷಯ. ಕೈಯಲ್ಲಿ ಕಾರ್ಡ್ ಹಿಡಿದಿದ್ದರೆ ಆಟದೊಳಗೆ ದುಡ್ಡು ಕೊಟ್ಟು ಕೊಳ್ಳುವ ವ್ಯವಸ್ಥೆ ಇದೆ ಅಂತ. ಜೇಡದ ಚಿತ್ರ ಇದ್ದರೆ ಹೆದರಿಕೆ. ಅದನ್ನು ನೋಡಿ ಸ್ಪೈಡರ್ ಮ್ಯಾನ್ ಗೇಮ್ ಅಂದುಕೊಂಡವರನ್ನು ನಾನೇ ಕಂಡಿದ್ದೇನೆ, ನಗಬೇಡಿ. ಜನಾಂಗ, ಧರ್ಮದ ದ್ವೇಷ ತೋರಿಸುವ ಗುರುತೂ ಒಂದಿದೆ, ಅದು ಬಂದರೆ ನೇರ 18, ನಡುವೆ ಮೆಟ್ಟಿಲೇ ಇಲ್ಲ.

ಪೆಗಿ ಎಲ್ಲವನ್ನೂ ಪಟ್ಟಿ ಮಾಡುವುದಿಲ್ಲ ಅನ್ನೋದು ನೆನಪಿರಲಿ. ಈ ವಯಸ್ಸು ಕೊಡಲು ಮುಖ್ಯ ಕಾರಣ ಯಾವುದೋ ಅದರ ಚಿತ್ರ ಹಾಕುತ್ತದೆ. ಅಮೆರಿಕದವರು ಹಾಗಲ್ಲ, ಮಾತಿನಲ್ಲಿ ಬರೆಯುತ್ತಾರೆ, ಸುಮಾರು ಮೂವತ್ತು ಬಗೆಯ ಪದ ಇಟ್ಟುಕೊಂಡಿದ್ದಾರೆ. ಜಿಟಿಎ 5ರ ಅಮೆರಿಕದ ಬಾಕ್ಸ್ ಹಿಂದೆ ರಕ್ತ ಮಾಂಸ, ತೀವ್ರ ಹಿಂಸೆ, ದೊಡ್ಡವರ ಹಾಸ್ಯ, ನಗ್ನತೆ, ಗಟ್ಟಿ ಬೈಗುಳ, ಗಾಢ ಲೈಂಗಿಕ ವಿಷಯ, ಡ್ರಗ್ಸ್ ಮತ್ತು ಮದ್ಯ ಸೇವನೆ ಅಂತ ಉದ್ದಕ್ಕೂ ಬರೆದಿದ್ದಾರೆ. ಅದೇ ಆಟದ ಎರಡು ಬಾಕ್ಸ್ ಸಿಕ್ಕರೆ ಮನೆಯವರಿಗೆ ಅಮೆರಿಕದ್ದೇ ಜಾಸ್ತಿ ಉಪಯೋಗ, ಇದು ನನ್ನ ಅಭಿಪ್ರಾಯ.

ಆ ಇಂಗ್ಲಿಷ್ ಪದಗಳಲ್ಲಿ ಕೆಲವು ಮೋಸ ಮಾಡುತ್ತವೆ. ‘ಕಾಮಿಕ್ ಮಿಸ್ಚಿಫ್’ ಅಂದರೆ ಜಾರಿ ಬೀಳೋದು, ತಲೆಗೆ ಬಡಿಯೋದು ಇಂಥ ತಮಾಷೆ, ಜೊತೆಗೆ ಸ್ವಲ್ಪ ತುಂಟ ಮಾತೂ ಇರಬಹುದು. ‘ಕ್ರೂಡ್ ಹ್ಯೂಮರ್’ ಅಂದರೆ ಹೂಸು, ಕಕ್ಕಸಿನ ಜೋಕು. ‘ಫ್ಯಾಂಟಸಿ ವಯಲೆನ್ಸ್’ ಅಂದರೆ ನೋಡಿದ ತಕ್ಷಣ ಇದು ನಿಜವಲ್ಲ ಅಂತ ಗೊತ್ತಾಗುವ ಹೊಡೆದಾಟ, ಮೈನ್‌ಕ್ರಾಫ್ಟ್‌ಗೆ ಬಂದಿರುವುದು ಇದೇ. ‘ಸಜೆಸ್ಟಿವ್ ಥೀಮ್ಸ್’ ಅನ್ನೋದು ಸಲಹೆ ಸೂಚನೆ ಅಲ್ಲ, ಬಟ್ಟೆಯಲ್ಲೋ ಮಾತಲ್ಲೋ ಕೆಣಕುವ ಛಾಯೆ. ‘ಡ್ರಗ್ ರೆಫರೆನ್ಸ್’ ಮತ್ತು ‘ಯೂಸ್ ಆಫ್ ಡ್ರಗ್ಸ್’ ಬೇರೆ ಬೇರೆ: ಮೊದಲನೆಯದು ಡ್ರಗ್ಸ್ ಬಗ್ಗೆ ಮಾತು ಅಥವಾ ಚಿತ್ರ, ಎರಡನೆಯದು ಪಾತ್ರವೇ ಅದನ್ನು ಸೇವಿಸೋದು. ‘ಲ್ಯಾಂಗ್ವೇಜ್’ ಅಂದರೆ ಸಾಧಾರಣ ಬೈಗುಳ, ಮುಂದೆ ‘ಸ್ಟ್ರಾಂಗ್’ ಸೇರಿದರೆ ಹಸಿ ಹಸಿ ಬೈಗುಳ ಅಥವಾ ಮಾತು ಮಾತಿಗೂ ಬೈಗುಳ. ‘ಮೈಲ್ಡ್’ ಸೇರಿದರೆ ಕಡಿಮೆ, ಅಲ್ಲೊಂದು ಇಲ್ಲೊಂದು.

ಇಲ್ಲಿದೆ ಅಸಲಿ ವಿಷಯ: ಒಂದೇ ಪದ, ತೂಕ ಬೇರೆ

ಇದನ್ನೇ ಯಾರೂ ಹೇಳಿಕೊಡೋದಿಲ್ಲ. ಹಿಂದಿನ ಪದವನ್ನು ಮುಂದಿನ ವಯಸ್ಸಿನ ಜೊತೆ ಸೇರಿಸಿ ಓದಬೇಕು, ಒಂಟಿಯಾಗಿ ಓದಿದರೆ ಅರ್ಥ ಕೆಡುತ್ತದೆ. ಮಂಡಕ್ಕಿ ಅಂಗಡಿಯಲ್ಲಿ ‘ಖಾರ ಹಾಕಿದೆ’ ಅಂದರೆ ಮಗುವಿಗೆ ಕಲಸಿಕೊಟ್ಟ ಮಂಡಕ್ಕಿಯ ಖಾರ ಬೇರೆ, ಮಿರ್ಚಿ ಜೊತೆ ದೊಡ್ಡವರು ತಿನ್ನುವ ಖಾರ ಬೇರೆ, ಪದ ಮಾತ್ರ ಅದೇ. ಇಎಸ್ಆರ್‌ಬಿಯವರು ಇದನ್ನು ಸ್ಪಷ್ಟವಾಗಿಯೇ ಹೇಳುತ್ತಾರೆ: ಪದಗಳು ಆಯಾ ವಯಸ್ಸಿನ ಮಟ್ಟಕ್ಕೆ ತಕ್ಕಂತೆ ಹಾಕಿದ್ದು, ಮತ್ತು ಅದು ಒಳಗಿರುವುದೆಲ್ಲದರ ಪೂರ್ತಿ ಪಟ್ಟಿ ಅಲ್ಲ.

ಪೆಗಿಯ ಮುಷ್ಟಿ ಚಿತ್ರವನ್ನೇ ತೆಗೆದುಕೊಳ್ಳಿ. 7ರ ಜೊತೆ ಮುಷ್ಟಿ ಇದ್ದರೆ ಹೊಡೆತ ನಿಜದ ಹಾಗೆ ಕಾಣುವುದಿಲ್ಲ, ಏಟು ಬಿದ್ದವನು ಮಾಯವಾಗಬಹುದು, ಚಕ್ಕನೆ ಹೊಗೆ ಆಗಬಹುದು. 12ರ ಜೊತೆ ಇದ್ದರೆ ಮನುಷ್ಯರ ಹಾಗೆ ಕಾಣುವವರಿಗೇ ಏಟು ಬೀಳಬಹುದು, ಆದರೆ ಅದು ನಿಜದ ಹಾಗಿರುವುದಿಲ್ಲ. ದೈತ್ಯ, ಪಿಶಾಚಿ ಮುಂತಾದವಕ್ಕಾದರೆ ಇನ್ನೂ ಸ್ವಲ್ಪ ಜೋರಾಗಿ ತೋರಿಸಬಹುದು. 16ರಲ್ಲಿ ಏಟು ಬಿದ್ದ ರೀತಿ, ಬಿದ್ದವನ ನೋವು ನಿಜ ಜೀವನದಲ್ಲಿ ಹೇಗಿರುತ್ತೋ ಹಾಗೇ ಕಾಣುತ್ತದೆ. 18ರಲ್ಲಿ ಹೇಸಿಗೆ ಹುಟ್ಟಿಸುವ ಹಿಂಸೆ, ಕಾರಣವೇ ಇಲ್ಲದ ಕೊಲೆ, ಕೈಲಾಗದವರ ಮೇಲೆ ಹಲ್ಲೆ. ನಾಲ್ಕು ಕಡೆಯೂ ಚಿತ್ರ ಅದೇ ಮುಷ್ಟಿ.

ಕೆಟ್ಟ ಮಾತಿಗೂ ಹಾಗೇ. 12ರಲ್ಲಿ ಮನೆಯಲ್ಲಿ ಸಿಟ್ಟು ಬಂದಾಗ ಬಾಯಿಗೆ ಬರುವಂಥದ್ದು. 16, 18ರಲ್ಲಿ ಅಮ್ಮ ಅಕ್ಕ ಸೇರಿಸಿ ಬೈತಾರಲ್ಲ, ಆ ಜಾತಿಯದ್ದು. ಜೇಡದ ಚಿತ್ರ 7ರಲ್ಲಿ ಇದ್ದರೆ ಚಿಕ್ಕ ಮಗು ಬೆಚ್ಚಬಹುದಾದ ಶಬ್ದ, ಕತ್ತಲೆ. ಮೇಲಿನ ಮೆಟ್ಟಿಲಲ್ಲಿದ್ದರೆ ಅಪ್ಪಟ ಹಾರರ್.

ಒಂದು ಉದಾಹರಣೆ ಪೂರ್ತಿ ನೋಡೋಣ

ಪಿ.ಜೆ. ಬಡಾವಣೆಯಲ್ಲಿರುವ ನಮ್ಮ ಅಕ್ಕ ಒಂದು ದಿನ ಅಂಗಡಿಯಿಂದಲೇ ಫೋನ್ ಮಾಡಿದಳು. ಮಗ ಪಕ್ಕದಲ್ಲೇ ನಿಂತು ಪೀಡಿಸುತ್ತಿದ್ದ ಅಂತ ಕಾಣುತ್ತೆ. “ಸ್ಪೈಡರ್ ಮ್ಯಾನ್ ಕಣೋ, ಮಕ್ಳದೇ ಅಲ್ವಾ, ಆದ್ರೆ ಒಂದರ ಮೇಲೆ 16 ಅಂತಿದೆ, ಇನ್ನೊಂದರ ಮೇಲೆ ಟಿ ಅಂತಿದೆ. ಟಿ ಅಂದ್ರೆ 13 ಅಂತಾನೆ ಅಂಗಡಿಯವ್ನು. ಟಿ ಇರೋದನ್ನೇ ತಗೊಳ್ಲಾ?” ಹುಡುಗನಿಗೆ ಹನ್ನೊಂದು.

2018ರಲ್ಲಿ ಪಿಎಸ್4ಗೆ ಬಂದ ‘ಮಾರ್ವೆಲ್ಸ್ ಸ್ಪೈಡರ್ ಮ್ಯಾನ್’ ಅದು. ಎರಡು ಬಾಕ್ಸ್‌ನಲ್ಲಿರುವ ಡಿಸ್ಕ್‌ನಲ್ಲಿ ಒಂದೇ ಆಟ ಇದೆ. ಟಿ ಇರುವುದನ್ನು ಕೊಂಡರೆ ಆಟ ಸೌಮ್ಯ ಆಗಿಬಿಡುವುದಿಲ್ಲ. ವಯಸ್ಸು ಬೇರೆ ಆಗಿರುವುದಕ್ಕೆ ಕಾರಣ ಅಳತೆಗೋಲು ಬೇರೆ ಇರುವುದು. ಪೆಗಿಯವರು ‘ಹೊಡೆತ ನಿಜದ ಹಾಗೆ ಕಾಣುತ್ತಾ, ಏಟು ತಿನ್ನುವವನು ಮನುಷ್ಯನಾ’ ಅನ್ನೋದಕ್ಕೆ ತುಂಬಾ ತೂಕ ಕೊಡುತ್ತಾರೆ. ಇಲ್ಲಿ ರೌಡಿಗಳು ನಿಜವಾದ ಮನುಷ್ಯರ ಹಾಗಿದ್ದಾರೆ, ಹೊಡೆದಾಟ ಆಟದ ಉದ್ದಕ್ಕೂ ಇದೆ, ಹಾಗಾಗಿ 16. ಅಮೆರಿಕದವರು ರಕ್ತ ಎಷ್ಟು ಹರಿಯುತ್ತೆ, ಅಂಗಾಂಗ ತುಂಡಾಗುತ್ತಾ, ಬೈಗುಳ ಎಷ್ಟು ಅನ್ನೋದನ್ನೆಲ್ಲ ಒಟ್ಟಿಗೆ ತೂಗುತ್ತಾರೆ.

ಅಮೆರಿಕದ ಬಾಕ್ಸ್ ಹಿಂದೆ ಓದು ಅಂದೆ. ರಕ್ತ, ಡ್ರಗ್ ರೆಫರೆನ್ಸ್, ಲ್ಯಾಂಗ್ವೇಜ್, ವಯಲೆನ್ಸ್ ಅಂತ ನಾಲ್ಕು ಇತ್ತು. ಈಗ ಅದನ್ನು ‘ಟಿ’ ಜೊತೆ ಇಟ್ಟು ಓದೋಣ. ರಕ್ತ ಅಂತಷ್ಟೇ ಇದೆ, ‘ರಕ್ತ ಮತ್ತು ಮಾಂಸ’ ಅಂತಿಲ್ಲ. ಅಂದರೆ ಕೆಲವು ದೃಶ್ಯದಲ್ಲಿ ರಕ್ತ ಕಾಣುತ್ತದೆ, ದೇಹ ಛಿದ್ರ ಆಗೋದಿಲ್ಲ. ವಯಲೆನ್ಸ್ ಮುಂದೆ ‘ಇಂಟೆನ್ಸ್’ ಇಲ್ಲ. ಡ್ರಗ್ಸ್ ಬಗ್ಗೆ ಮಾತಿದೆ, ಸೇವಿಸೋದು ಇಲ್ಲ. ಬೈಗುಳ ಇದೆ, ‘ಸ್ಟ್ರಾಂಗ್’ ಅಲ್ಲ. ಲೈಂಗಿಕ ವಿಷಯದ ಒಂದು ಪದವೂ ಇಲ್ಲ. ಅಕ್ಕನಿಗೆ ಹೆದರಿಕೆ ಇದ್ದದ್ದು ಈ ಕೊನೆಯದ್ದರ ಬಗ್ಗೆಯೇ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಹಾಗಾದರೆ ಹನ್ನೊಂದರ ಹುಡುಗನಿಗೆ ಕೊಡಬಹುದಾ? ಎರಡು ಮಂಡಳಿಯೂ ಬೇಡ ಅಂತಲೇ ಹೇಳುತ್ತಿವೆ, ಅಮೆರಿಕದ್ದು ಎರಡು ವರ್ಷ ತಡಿ ಅಂತ, ಪೆಗಿ ಐದು ವರ್ಷ ತಡಿ ಅಂತ. ಆದರೆ ಈಗ ಅಕ್ಕನಿಗೆ ಏನಕ್ಕೆ ಬೇಡ ಅಂತ ಗೊತ್ತಾಯಿತು. ಹೊಡೆದಾಟದ ಸಿನಿಮಾ ಅವನು ಹೇಗೂ ನೋಡುತ್ತಾನೆ, ಹಾಲ್‌ನಲ್ಲಿ ಎಲ್ಲರೂ ಇದ್ದಾಗ ಆಡಲಿ ಅಂತ ತೀರ್ಮಾನಿಸಿದಳು. ನಾನಾಗಿದ್ದರೆ ಇನ್ನೊಂದು ವರ್ಷ ತಳ್ಳುತ್ತಿದ್ದೆ. ಅದು ಅವರವರ ಮನೆ ವಿಷಯ ಬಿಡಿ.

ಹಸಿರು 3 ನೋಡಿ ನೆಮ್ಮದಿಯಾಗಬೇಡಿ

ನನ್ನ ಪ್ರಕಾರ ಜನ ಜಾಸ್ತಿ ಏಟು ತಿನ್ನುವುದು ಕೆಂಪು 18ರಿಂದಲ್ಲ, ಹಸಿರು 3ರಿಂದ. ಫುಟ್‌ಬಾಲ್ ಗೇಮ್ ‘ಇಎ ಸ್ಪೋರ್ಟ್ಸ್ ಎಫ್‌ಸಿ 24’ ತೆಗೆದುಕೊಳ್ಳಿ. ಪೆಗಿ ಅದಕ್ಕೆ 3 ಕೊಟ್ಟಿದೆ. ಹೊಡೆತ ಇಲ್ಲ, ಬೈಗುಳ ಇಲ್ಲ, ಬಾಲ್ ಒದೆಯೋದು ಅಷ್ಟೆ. ಆದರೆ ಹಿಂದೆ ಕಾರ್ಡ್ ಹಿಡಿದ ಕೈಯ ಚಿತ್ರ ಇದೆ, ಕೆಳಗೆ ಚಿಕ್ಕ ಅಕ್ಷರದಲ್ಲಿ ‘ರ‍್ಯಾಂಡಮ್ ಐಟಮ್ಸ್’ ಸೇರಿದೆ ಅಂತ ಬರೆದಿದೆ. ಅದರ ಅರ್ಥ, ದುಡ್ಡು ಕೊಟ್ಟು ಆಟಗಾರರ ಪ್ಯಾಕ್ ಕೊಳ್ಳಬಹುದು, ಒಳಗೆ ಯಾವ ಆಟಗಾರ ಸಿಗುತ್ತಾನೆ ಅನ್ನೋದು ಅದೃಷ್ಟ. ಬೇಕಾದವನು ಸಿಗದಿದ್ದರೆ ಇನ್ನೊಂದು ಪ್ಯಾಕ್. ಅಪ್ಪನ ಕಾರ್ಡ್ ಕನ್ಸೋಲ್‌ನಲ್ಲಿ ಸೇವ್ ಆಗಿದ್ದರೆ ಮುಂದೇನಾಗುತ್ತೆ ಅಂತ ನಾನು ಹೇಳಬೇಕಿಲ್ಲ.

ಇದೇ ಆಟಕ್ಕೆ ಜರ್ಮನಿಯ ಮಂಡಳಿ ಯುಎಸ್‌ಕೆ 12 ಕೊಟ್ಟಿತು. 2023ರಿಂದ ಅವರು ದುಡ್ಡಿನ ಒತ್ತಡವನ್ನೂ ವಯಸ್ಸಿನ ಲೆಕ್ಕಕ್ಕೆ ತೆಗೆದುಕೊಂಡರು, ಅದಕ್ಕೆ. ಪೆಗಿ ಆ ಬಾಕ್ಸ್ ಮೇಲೆ ದುಡ್ಡಿನ ವಿಷಯವನ್ನು ಬರೀ ಮಾಹಿತಿಯಾಗಿ ಇಟ್ಟಿತು, ವಯಸ್ಸಿಗೆ ಮುಟ್ಟಿಸಲಿಲ್ಲ. ಹಾಗಾಗಿ ಕಾರ್ಡಿನ ಚಿತ್ರವನ್ನು ಅಂಕಿಯಿಂದ ಬೇರೆಯಾಗಿಯೇ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೂ ಒಂದು ಬಲೆ ಇದೆ. ಈ ಕಾರ್ಡಿನ ಚಿತ್ರ ಬಾಕ್ಸ್ ಮೇಲೆ ಬರತೊಡಗಿದ್ದೇ 2018ರಲ್ಲಿ, ಅದೃಷ್ಟದ ಪ್ಯಾಕ್ ಬಗ್ಗೆ ಬರೆಯತೊಡಗಿದ್ದು 2020ರಲ್ಲಿ. ಅಮೆರಿಕದವರದ್ದೂ ಅದೇ ವರ್ಷಗಳು. 2016ರ ಡಿಸ್ಕ್ ಹಿಂದೆ ಆ ಚಿತ್ರ ಇಲ್ಲ ಅಂದರೆ ದುಡ್ಡಿನ ಆಟ ಇಲ್ಲ ಅಂತಲ್ಲ, ಆಗ ಆ ಚಿತ್ರವೇ ಇರಲಿಲ್ಲ. ಬಾಕ್ಸ್‌ನ ಬೆನ್ನಿನ ಕೆಳಗೆ ಸಣ್ಣಕ್ಷರದಲ್ಲಿ ಕಾಪಿರೈಟ್ ವರ್ಷ ಇರುತ್ತದೆ, ಮೊದಲು ಅದನ್ನು ನೋಡಿ.

ದಾಳದ ಚಿತ್ರಕ್ಕೂ ಹೀಗೇ ವರ್ಷದ ತಕರಾರಿದೆ. 2020ರಿಂದ ಜೂಜು ಕಲಿಸುವ ಹೊಸ ಆಟಗಳಿಗೆ ಪೆಗಿ 18 ಕೊಡುತ್ತದೆ, ಹಳೆಯವು 12ರಲ್ಲೇ ಉಳಿದಿರಬಹುದು. ಈ ಹೊಸ ನಿಯಮ ಒಮ್ಮೊಮ್ಮೆ ಅತಿಗೂ ಹೋಗುತ್ತದೆ. ‘ಬಲಾತ್ರೋ’ ಅನ್ನುವ ಇಸ್ಪೀಟಿನ ಆಟದಲ್ಲಿ ಪಣ ಕಟ್ಟೋದೇ ಇಲ್ಲ, ಪೋಕರ್‌ನ ಜೋಡಣೆಗಳನ್ನು ಮಾಡಿ ಅಂಕ ಗಳಿಸೋದಷ್ಟೆ. ಅದಕ್ಕೂ 18 ಬಿತ್ತು. ಮೇಲ್ಮನವಿ ಹೋದ ಮೇಲೆ 2025ರ ಫೆಬ್ರವರಿಯಲ್ಲಿ 12ಕ್ಕೆ ಇಳಿಯಿತು. ಕಪಾಟಿನಲ್ಲಿರುವ ಬಾಕ್ಸ್ ಮೇಲಿನ ಅಂಕಿ ತನ್ನಷ್ಟಕ್ಕೆ ತಾನೇ ಬದಲಾಗುತ್ತಾ? ಇಲ್ಲ. ಅದಕ್ಕೇ ಮುಂದಿನ ಹೆಜ್ಜೆ.

ಅಂಗಡಿಯಲ್ಲೇ ನಿಂತು ಹುಡುಕಿ

ಮೊಬೈಲ್‌ನಲ್ಲಿ `pegi.info` ಅಥವಾ `esrb.org` ತೆರೆದು ಆಟದ ಹೆಸರು ಹಾಕಿ. ಕವರ್ ಕಳೆದು ಹೋಗಿ ಜೆರಾಕ್ಸ್ ಕವರ್ ಹಾಕಿಟ್ಟ ಡಿಸ್ಕ್ ಆದರೆ ಬೇರೆ ದಾರಿಯೇ ಇಲ್ಲ. ನಾನು ಎರಡನೆಯದನ್ನು ಮೊದಲು ನೋಡುತ್ತೇನೆ. ಅಲ್ಲಿ 2008ರ ನಂತರದ ಆಟಗಳಿಗೆ ಒಂದು ಚಿಕ್ಕ ಪ್ಯಾರಾ ಬರೆದಿರುತ್ತಾರೆ: ಆಟಗಾರ ಏನು ಮಾಡುತ್ತಾನೆ, ಯಾವ ಆಯುಧ, ರಕ್ತ ಹೇಗೆ ಕಾಣುತ್ತದೆ, ಯಾವ ಬೈಗುಳ ಕೇಳಿಸುತ್ತದೆ, ಉದಾಹರಣೆ ಸಮೇತ. ಬಾಕ್ಸ್‌ನ ನಾಲ್ಕು ಪದಕ್ಕಿಂತ ಆ ಪ್ಯಾರಾ ಸಾವಿರ ಪಾಲು ವಾಸಿ. ಹೆಸರಿನ ಜೊತೆ ಇಸವಿ, ಭಾಗದ ಸಂಖ್ಯೆ ಸರಿಯಾಗಿದೆಯಾ ನೋಡಿಕೊಳ್ಳಿ, ಒಂದೇ ಹೆಸರಿನ ಆಟಗಳಲ್ಲಿ ಒಂದು ಟಿ, ಇನ್ನೊಂದು ಎಂ ಇರುತ್ತವೆ.

ಈ ಅಂಕಿ ಕೊಡುವವರು ಆಟವನ್ನು ಮೊದಲಿಂದ ಕೊನೆವರೆಗೆ ಆಡಿ ನೋಡಿರುತ್ತಾರೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಡಿಸ್ಕ್ ಆಟಗಳಿಗೆ ಕಂಪನಿಯವರೇ ಉದ್ದದ ಪ್ರಶ್ನಾವಳಿ ತುಂಬಿ, ಆಟದಲ್ಲಿ ಅತಿ ಕೆಟ್ಟದ್ದು ಯಾವುದಿದೆಯೋ ಅದರ ವಿಡಿಯೋ ಕಳಿಸುತ್ತಾರೆ. ಕನಿಷ್ಠ ಮೂವರು ಅದನ್ನು ನೋಡಿ ವಯಸ್ಸು ಹೇಳುತ್ತಾರೆ. ಬಚ್ಚಿಟ್ಟರೆ ಸಿಕ್ಕಿಬೀಳುತ್ತಾರೆ. 2005ರಲ್ಲಿ ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ ಡಿಸ್ಕ್‌ನೊಳಗೆ ಮುಚ್ಚಿಟ್ಟಿದ್ದ ಒಂದು ಲೈಂಗಿಕ ದೃಶ್ಯ ಹೊರಬಂದಾಗ ಅದರ ‘ಎಂ’ ತೆಗೆದು ‘ಎಒ’ ಹಾಕಿದರು, ದೊಡ್ಡ ಅಂಗಡಿಗಳು ಮಾಲನ್ನೇ ಕೆಳಗಿಳಿಸಿದವು. ಫೋನಿಗೆ ಡೌನ್‌ಲೋಡ್ ಮಾಡುವ ಆಟಗಳದ್ದು ಇನ್ನೂ ಹಗುರ: ಆಟ ಮಾಡಿದವರು ಪ್ರಶ್ನೆಗೆ ಉತ್ತರ ಕೊಡುತ್ತಾರೆ, ವಯಸ್ಸು ತಾನಾಗಿ ಬರುತ್ತದೆ. ಪ್ಲೇ ಸ್ಟೋರ್‌ನಲ್ಲಿ ನಮಗೆ ಕಾಣುವ 3+, 7+, 12+ ಇವೆಲ್ಲ ಅಲ್ಲಿಂದ ಬಂದದ್ದು.

ಯಾವ ಗುರುತೂ ಹೇಳದ ವಿಷಯ

ಆನ್‌ಲೈನ್‌ನಲ್ಲಿ ಬೇರೆಯವರು ಏನು ಮಾತಾಡುತ್ತಾರೆ ಅನ್ನೋದಕ್ಕೆ ಯಾವ ಬಾಕ್ಸೂ ಗ್ಯಾರಂಟಿ ಕೊಡುವುದಿಲ್ಲ. ಅಮೆರಿಕದ ಬಾಕ್ಸ್ ಕೆಳಗೆ ‘ಯೂಸರ್ಸ್ ಇಂಟರಾಕ್ಟ್’ ಅಂತ ಬರೆದಿದ್ದರೆ ಗುರುತಿಲ್ಲದವರ ಜೊತೆ ಮಾತು, ಮೆಸೇಜು ಸಾಧ್ಯ ಅಂತ ಅರ್ಥ. ಆ ಮಾತು ಹೇಗಿರುತ್ತೆ ಅಂತ ಅವರು ಅಳೆದಿಲ್ಲ. ಫೋರ್ಟ್‌ನೈಟ್‌ಗೆ ಪೆಗಿ 12 ಇದೆ, ಆದರೆ ಹೆಡ್‌ಸೆಟ್‌ನಲ್ಲಿ ಕೇಳಿಸುವ ಬೈಗುಳಕ್ಕೆ ಆ 12 ಅನ್ವಯಿಸುವುದಿಲ್ಲ. ಆಟವನ್ನು ಬದಲಿಸೋಕೆ ಅಂತ ಬೇರೆಯವರು ಮಾಡಿ ಹಾಕಿದ ಮಾಡ್‌ಗಳೂ ಲೆಕ್ಕಕ್ಕಿಲ್ಲ.

ಹಾಗಾಗಿ ಬಾಕ್ಸ್ ಓದಿ ಮುಗಿದ ಮೇಲೆ ಉಳಿದ ಕೆಲಸ ಕನ್ಸೋಲ್‌ನಲ್ಲಿ. ಪಿಎಸ್5ನಲ್ಲಿ `Settings` ಒಳಗೆ `Family and Parental Controls` ಇದೆ. ಮಗುವಿಗೆ ನಿಮ್ಮ ಅಕೌಂಟ್ ಕೊಡದೆ ಅವರದ್ದೇ ಅಕೌಂಟ್ ಮಾಡಿ, ಹುಟ್ಟಿದ ಇಸವಿ ನಿಜವಾದದ್ದೇ ಹಾಕಿ. ಸುಮ್ನೆ 1990 ಅಂತ ಹಾಕಿದರೆ ಅಲ್ಲಿಂದ ಮುಂದಿನದ್ದೆಲ್ಲ ವ್ಯರ್ಥ. ಒಳಗೆ ಮೂರು ಕಡೆ ಕೈ ಹಾಕಿ: ಆಟಗಳ ವಯಸ್ಸಿನ ಮಟ್ಟ, ಬೇರೆಯವರ ಜೊತೆ ಮಾತು, ತಿಂಗಳ ಖರ್ಚಿನ ಮಿತಿ. ಖರ್ಚಿಗೆ ಸೊನ್ನೆ ಇಡಿ. ಮಗು ಏನಾದರೂ ಕೇಳಿದರೆ ಆಗ ಬೇಕಿದ್ದರೆ ಏರಿಸಿ, ಕೊಂಡ ಮೇಲೆ ಮತ್ತೆ ಸೊನ್ನೆಗೆ ತನ್ನಿ. ವಯಸ್ಸಿನ ಮಟ್ಟ 12ಕ್ಕೆ ಇಟ್ಟಿದ್ದರೆ 16ರ ಡಿಸ್ಕ್ ಹಾಕಿದಾಗ ಅದು ಓಡುವುದಿಲ್ಲ. ಆಗ ಅಂಗಡಿಗೆ ಓಡಿ ಡಿಸ್ಕ್ ಕೆಟ್ಟಿದೆ ಅಂತ ಜಗಳ ತೆಗೆಯಬೇಡಿ, ಮೊದಲು ಈ ಸೆಟ್ಟಿಂಗ್ ನೋಡಿ. ಪೂರ್ತಿ ಮಟ್ಟವನ್ನೇ ಏರಿಸುವ ಬದಲು ಆ ಒಂದು ಆಟಕ್ಕೆ ಮಾತ್ರ ಒಪ್ಪಿಗೆ ಕೊಡುವ ಅವಕಾಶವೂ ಅಲ್ಲೇ ಇದೆ.